ವ್ಯಾಪ್ತಿ ಪ್ರದೇಶದ ಹೊರಗೆ ಲಿಫ್ಟಣ್ಣ

ಲಿಫ್ಟಣ್ಣನಿಗೆ ಹೆತ್ತವರು ಇಟ್ಟ ಹೆಸರೊಂದಿತ್ತು. ಅದೀಗ ಸಂಬಳದ ಚೀಟಿಯಲ್ಲಿ ಮಾತ್ರ ಉಳಿದುಕೊಂಡಿತ್ತು. ಊರಿನ ಹಳೆಯ ಬಡಾವಣೆಗಳ ಲಿಫ್ಟುಗಳನ್ನೆಲ್ಲ ನೋಡಿಕೊಳ್ಳುವವನು ಅವನೇ ಆದ್ದರಿಂದ ಮಕ್ಕಳಿಂದ ಮುದುಕರವರೆಗೆ ಎಲ್ಲರ ಬಾಯಲ್ಲೂ ಅವನು ಲಿಫ್ಟಣ್ಣ. ಪ್ರತಿ ಲಿಫ್ಟಿನೊಳಗೂ ಕನ್ನಡಿಯ ಪಕ್ಕ ಒಂದು ಸ್ಟಿಕ್ಕರ್ ಇತ್ತು: ಸಿಕ್ಕಿಹಾಕಿಕೊಂಡರೆ ಈ ನಂಬರಿಗೆ ಕರೆ ಮಾಡಿ. ಅದಕ್ಕೆ ಬಂದ ಕರೆಗಳನ್ನು ಲಿಫ್ಟ್ ಕಂಪನಿ ಅವನ ಫೋನಿಗೆ ತಿರುಗಿಸಿತ್ತು, ಹೀಗೆ ಆ ನಂಬರು ಅವನ ಅಂಗಿಯ ಜೇಬಿನಲ್ಲಿ ಬಡಿದುಕೊಳ್ಳುತ್ತಿತ್ತು.

ಕರೆ ಬಂದರೆ ಅವನು ಎರಡನೇ ರಿಂಗಿಗೆ ಎತ್ತುತ್ತಿದ್ದ. ಮೊದಲನೇ ರಿಂಗಿಗೇ ಎತ್ತಿದರೆ ಇವನಿಗೆ ಬೇರೆ ಕೆಲಸವಿಲ್ಲ ಅಂದುಕೊಳ್ಳುತ್ತಾರೆ, ಮೂರನೆಯದಕ್ಕೆ ಒಳಗಿರುವವರು ಬೆವರಲು ಶುರುಮಾಡುತ್ತಾರೆ ಎನ್ನುವುದು ಅವನ ಲೆಕ್ಕಾಚಾರ. ಊಟದ ಮಧ್ಯೆ, ನಿದ್ದೆಯ ಮಧ್ಯೆ, ಹೆಂಡತಿ ಮನೆಕೆಲಸ ಹೇಳುವಾಗ ಅದರ ಮಧ್ಯೆ, ಎಲ್ಲೆಲ್ಲೂ ಎರಡನೇ ರಿಂಗು. ಮಗಳ ಮದುವೆಯ ಫೋಟೋಗಳಲ್ಲಿ ಅವನು ಎಲ್ಲದರಲ್ಲೂ ಇದ್ದಾನೆ, ಎಲ್ಲದರಲ್ಲೂ ಕಿವಿಗೆ ಫೋನಿದೆ. ಕಂಪನಿಯವರು ಅದಕ್ಕೆ ಪ್ರಶಸ್ತಿ ಕೊಡಲಿಲ್ಲ. ಕೊಟ್ಟಿದ್ದರೂ ಆ ಸಮಾರಂಭದ ನಡುವೆ ಅವನು ಎದ್ದು ಹೋಗುತ್ತಿದ್ದ.

ಅವನಿಗೆ ಒಂದು ಸಿದ್ಧಾಂತವೂ ಇತ್ತು. ಓಡುವ ಯಂತ್ರಕ್ಕೆ ಕೈ ಹಾಕಬಾರದು. ಚೆನ್ನಾಗಿ ಓಡುತ್ತಿದ್ದ ಲಿಫ್ಟನ್ನು ಇನ್ನೂ ಚೆನ್ನಾಗಿ ಓಡಿಸುತ್ತೇನೆಂದು ಬಿಚ್ಚಿ ಕೈಸುಟ್ಟುಕೊಂಡವರನ್ನು ಅವನು ಬೇಕಾದಷ್ಟು ನೋಡಿದ್ದ. ಅಳಿಯ ಹೊಸ ಫೋನು ಕೊಂಡಾಗ ತನ್ನ ಹಳೆಯದನ್ನು ಮಾವನಿಗೆ ದಾಟಿಸಿದ್ದ. ಅದಕ್ಕೂ ಇದೇ ಸಿದ್ಧಾಂತ ಅನ್ವಯಿಸಿತು. ಪರದೆಯ ಮೇಲೆ ಯಾವ ಚೌಕ ಮೂಡಿ ಏನೇ ಕೇಳಿದರೂ ಲಿಫ್ಟಣ್ಣ ಓದದೆ 'ನಾಟ್ ನೌ' ಒತ್ತುತ್ತಿದ್ದ. ಬಾಗಿಲಿಗೆ ಬಂದ ಮಾರಾಟದವರನ್ನು 'ಈಗ ಬೇಡಪ್ಪ' ಎಂದು ಕಳಿಸುತ್ತಾರಲ್ಲ, ಅಷ್ಟೇ ಮರ್ಯಾದೆ, ಅಷ್ಟೇ ನಿರ್ದಾಕ್ಷಿಣ್ಯ.

ಆ ಫೋನಿನಲ್ಲಿ ಇನ್ನೊಂದು ಆಸ್ತಿಯಿತ್ತು. ಲಿಫ್ಟಿನ ಕೆಳಗೆ ಒಂದು ಗುಂಡಿಯಿರುತ್ತದೆ. ಸ್ಪ್ರಿಂಗು, ಹಗ್ಗ, ಎಣ್ಣೆ ಎಲ್ಲ ನೋಡಬೇಕಾದರೆ ಅದರೊಳಗೆ ಇಳಿಯಬೇಕು. ಸುತ್ತ ಕಾಂಕ್ರೀಟು, ಸಿಗ್ನಲ್ ಸೊನ್ನೆ. ಒಬ್ಬನೇ ಗುಂಡಿಗಿಳಿದವನು ಫೋನಿಗೆ ಸಿಗುತ್ತಲೇ ಇರಬೇಕೆಂದು ಕಂಪನಿಯ ಕಟ್ಟುನಿಟ್ಟಿನ ನಿಯಮ. ಅದಕ್ಕೆ ಲಿಫ್ಟಣ್ಣ ಕಟ್ಟಡ ಕಟ್ಟಡಕ್ಕೂ ಹೋಗಿ ಅಲ್ಲಿನ ವೈಫೈ ಪಾಸ್‌ವರ್ಡ್ ಕೇಳಿ ಹಾಕಿಕೊಂಡಿದ್ದ. ಫೋನಿನಲ್ಲಿ ವೈಫೈ ಮೂಲಕವೇ ಕರೆ ಬರುವ ಹಾಗೆ ಮಾಡಿಟ್ಟರೆ ಪಾತಾಳದಲ್ಲಿದ್ದರೂ ರಿಂಗಾಗುತ್ತದೆ. ಒಂದೊಂದು ಪಾಸ್‌ವರ್ಡಿನ ಹಿಂದೆಯೂ ಒಂದು ಲೋಟ ಚಹಾ, ಒಂದು ಪರಿಚಯ, ಸ್ವಲ್ಪ ನಂಬಿಕೆ. ಅವನಿಗೆ ಒಂದೂ ನೆನಪಿರಲಿಲ್ಲ, ಫೋನಿಗೆ ನೆನಪಿತ್ತಲ್ಲ, ಸಾಕು.

ಹೀಗಿರುವಾಗ ಒಂದು ರಾತ್ರಿ ಫೋನಿನ ಬ್ಯಾಟರಿ ಕೆಂಪಾಗಿದ್ದನ್ನು ಹೆಂಡತಿ ನೋಡಿದಳು. ಅವಳದು ಹೊಲಿಗೆ ಕೆಲಸ, ದಾರ ಮುಗಿಯುವ ಮೊದಲೇ ಉಂಡೆ ಬದಲಿಸುವ ಜಾತಿ. ಗಂಡ ಸಾಮಾನ್ಯವಾಗಿ ಸಂಜೆಯೇ ಚಾರ್ಜ್ ಮಾಡಿ ಫೋನನ್ನು ದಿಂಬಿನ ಕೆಳಗಿಟ್ಟುಕೊಂಡು ಮಲಗುತ್ತಿದ್ದ. ಅವತ್ತು ಮರೆತಿದ್ದ. ಅವಳು ಒಳ್ಳೆಯ ಮನಸ್ಸಿನಿಂದ ಚಾರ್ಜಿಗೆ ಹಾಕಿದಳು. ರಾತ್ರಿಯಿಡೀ ಚಾರ್ಜು, ಮನೆಯ ವೈಫೈ, ಯಾರೂ ಮುಟ್ಟದ ಫೋನು. ತಾನಾಗಿಯೇ ಅಪ್‌ಡೇಟ್ ಆಗಲಿ ಎಂದು ಅಳಿಯ ಯಾವ ಕಾಲದಲ್ಲೋ ಅದರಲ್ಲಿ ಆರಿಸಿಟ್ಟಿದ್ದ. ಅಷ್ಟು ವರ್ಷ ಕಾದಿದ್ದ ಅವಕಾಶ ಕೊನೆಗೂ ಸಿಕ್ಕಿತಲ್ಲ, ಬೆಳಗಾಗುವಷ್ಟರಲ್ಲಿ ಫೋನು ಹೊಸ ಸಾಫ್ಟ್‌ವೇರ್ ತೊಟ್ಟು ಕೂತಿತ್ತು.

ಅಪ್‌ಡೇಟ್ ಮುಗಿಯಿತೆಂದು ಪರದೆಯಲ್ಲಿ ಬರೆದಿತ್ತು, ಗಡಿಯಾರದ ಅಂಕಿಗಳು ದಪ್ಪಗಾಗಿದ್ದವು. ಸಿಗ್ನಲ್ಲಿನ ಕಡ್ಡಿಗಳು ತುಂಬಿದ್ದವು. ಮೊಮ್ಮಗಳ ವಿಡಿಯೋ ಸರಾಗವಾಗಿ ಓಡಿತು. ಲಿಫ್ಟಣ್ಣ ತೃಪ್ತಿಯಿಂದ ಮನೆ ಬಿಟ್ಟ. ದಾರಿಯಲ್ಲಿ ಒಂದು ಚೌಕ ಮೂಡಿ ಏನೋ ಕೇಳಿತು, 'ನಾಟ್ ನೌ' ಒತ್ತಿದ. ಊಟದ ಹೊತ್ತಿಗೆ ಅದೇ ಚೌಕ ಮತ್ತೆ ಬಂತು. ಮತ್ತೆ ಒತ್ತಿದ.

ಅವತ್ತು ಇಡೀ ದಿನ ಒಂದು ಕರೆಯೂ ಬರಲಿಲ್ಲ. ಇಂಥ ದಿನ ಅವನ ಸೇವೆಯಲ್ಲೇ ಬಂದಿರಲಿಲ್ಲ. ಕೆಲಸದ ಪಟ್ಟಿಯಲ್ಲಿದ್ದ ಎರಡು ಕಟ್ಟಡಗಳ ಲಿಫ್ಟಿಗೆ ಎಣ್ಣೆ ಹಾಕಿದ, ಮರದ ಕೆಳಗೆ ಕೂತು ಡಬ್ಬಿ ಊಟ ಮಾಡಿದ, ಬಾಯಿಗೆ ಹೋಗುವ ತುತ್ತು ಒಂದೂ ನಡುದಾರಿಯಲ್ಲಿ ನಿಲ್ಲಲಿಲ್ಲ. ತಾನು ಇಷ್ಟು ವರ್ಷ ಮಾಡಿದ ಸೇವೆಗೆ ಲಿಫ್ಟುಗಳು ಕೊನೆಗೂ ಮನಸೋತು ನೆಟ್ಟಗಾಗಿವೆ ಎಂದುಕೊಂಡ. ಹೆಮ್ಮೆಯೆನ್ನುವುದು ಎಂಥ ಮನುಷ್ಯನಿಗೂ ಬರುತ್ತದೆ, ಅದೂ ಸರಿಯಾಗಿ ಬರಬಾರದ ದಿನವೇ ಬರುತ್ತದೆ.

ಸಂಜೆ ಮನೆಗೆ ಹೋಗುವಾಗ ಎಲ್ಲರೂ ಟೀಚರಮ್ಮ ಎನ್ನುವ ವಯಸ್ಸಾದವರೊಬ್ಬರು ವಾಸವಿದ್ದ ಕಟ್ಟಡದ ಮುಂದೆ ಹಾದುಹೋದ. ಅಲ್ಲಿ ಬೇರೆ ಕಂಪನಿಯೊಂದರ ವ್ಯಾನು ನಿಂತಿತ್ತು. ತನ್ನ ಲಿಫ್ಟಿನ ಮುಂದೆ ಪರರ ವ್ಯಾನು! ಲಿಫ್ಟಣ್ಣ ಒಳಗೆ ನುಗ್ಗಿದ. ಅವನನ್ನು ಕಂಡ ವಾಚ್‌ಮನ್ ಕುರ್ಚಿಯಿಂದ ಎದ್ದ, ಮತ್ತೆ ಕೂತ, ಆಮೇಲೆ ಅವನ ಕಾಲುಗಳನ್ನು ನೋಡಿದ. ಅವು ನೆಲಕ್ಕೆ ತಾಗಿವೆಯೋ ಇಲ್ಲವೋ ಎಂದು ನೋಡಿದ್ದೆಂದು ಆಮೇಲೆ ಒಪ್ಪಿಕೊಂಡ.

ನಡೆದದ್ದು ಇಷ್ಟು. ಬೆಳಗ್ಗೆ ಆರನೇ ಮಹಡಿಯ ಟೀಚರಮ್ಮ ವಾಕರ್ ಹಿಡಿದುಕೊಂಡು ಲಿಫ್ಟಿಗೆ ಹತ್ತಿದ್ದರು. ಗಣಿತ ಕಲಿಸಿ ನಿವೃತ್ತರಾದವರು, ಮಂಡಿಗಳು ನಿವೃತ್ತಿಗಿಂತ ಮೊದಲೇ ಕೈಕೊಟ್ಟಿದ್ದವು. ಎರಡು ಮಹಡಿಗಳ ನಡುವೆ ಲಿಫ್ಟು ನಿಂತಿತು. ಅವರು ಸ್ಟಿಕ್ಕರಿನ ನಂಬರಿಗೆ ಕರೆ ಮಾಡಿದರು. 'ನೀವು ಕರೆ ಮಾಡಿರುವ ಚಂದಾದಾರರು ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ' ಎಂದು ಒಬ್ಬಳು ಹೇಳಿದಳು. ವಾಚ್‌ಮನ್ ಮಾಡಿದರೂ ಅವಳೇ. ಕಂಪನಿಯ ಕಂಟ್ರೋಲ್ ರೂಮಿನವರು ಮಾಡಿದರೂ ಅವಳೇ. ಕಂಪನಿಯ ಹತ್ತಿರವಿದ್ದ ಅವನ ಮನೆಯ ನಂಬರು ಎಂದೋ ಕಿತ್ತುಹಾಕಿದ ಲ್ಯಾಂಡ್‌ಲೈನಿನದು. ಕೊನೆಗೆ ಬೇರೆ ಏಜೆನ್ಸಿಯವರನ್ನು ಕರೆಸಿ ಬಾಗಿಲು ತೆರೆಸುವಷ್ಟರಲ್ಲಿ ಒಂದು ಗಂಟೆಯ ಮೇಲಾಗಿತ್ತು. ಕೆಟ್ಟ ಲಿಫ್ಟನ್ನು ಆ ಏಜೆನ್ಸಿಯವರು ಸಂಜೆಯಾದರೂ ಸರಿಮಾಡುತ್ತಲೇ ಇದ್ದರು. ಟೀಚರಮ್ಮ ಹೊರಗೆ ಬಂದವರು ಯಾರ ಹತ್ತಿರವೂ ಮಾತಾಡದೆ ಮನೆಗೆ ಹೋಗಿ ಬಾಗಿಲು ಹಾಕಿಕೊಂಡರಂತೆ. ನಿವಾಸಿಗಳ ಸಂಘದವರು ಮಾತ್ರ ಬೇಕಾದಷ್ಟು ಮಾತಾಡಿದರು.

ಲಿಫ್ಟಣ್ಣ ಫೋನು ತೆಗೆದು ಕಂಟ್ರೋಲ್ ರೂಮಿಗೆ ಒತ್ತಿದ. ಒಂದು ಕ್ಷಣ ಮೌನ, ಆಮೇಲೆ ಕರೆ ತಾನಾಗಿಯೇ ಕಡಿದುಹೋಯಿತು. ಮತ್ತೆ ಒತ್ತಿದ, ಮತ್ತೆ ಕಡಿಯಿತು. ಸಿಗ್ನಲ್ಲಿನ ಕಡ್ಡಿಗಳು ಮಾತ್ರ ಏನೂ ಆಗಿಲ್ಲವೆಂಬಂತೆ ನೆಟ್ಟಗೆ ನಿಂತಿದ್ದವು. ಲಿಫ್ಟುಗಳು ನೆಟ್ಟಗಾಗಿರಲಿಲ್ಲ. ಅವನನ್ನು ಇಡೀ ದಿನ ಕರೆದಿದ್ದವು.

ಮರುದಿನ ಬೆಳಗ್ಗೆ ಕಚೇರಿಯ ಬಾಗಿಲು ತೆರೆಯುವ ಮೊದಲೇ ಅವನು ಅಲ್ಲಿ ನಿಂತಿದ್ದ. ಕಂಟ್ರೋಲ್ ರೂಮ್ ಮೇಡಂ ದನಿ ಎತ್ತಿ ಮಾತಾಡಿದವರಲ್ಲ, ಅದೇ ಅವರ ಭಯಂಕರ ಗುಣ. ಸಂಘದವರು ಮೆಕ್ಯಾನಿಕ್ಕನ್ನು ಬದಲಾಯಿಸಿ ಎಂದು ಕೂತಿದ್ದಾರೆ, ತುರ್ತು ನಂಬರನ್ನು ನಿನ್ನೆ ರಾತ್ರಿಯಿಂದ ಏಜೆನ್ಸಿಗೆ ತಿರುಗಿಸಿದ್ದೇನೆ ಎಂದರು. ಲಿಫ್ಟಣ್ಣನಿಗೆ ಆ ನಂಬರು ಹೋದರೆ ಉಳಿಯುವುದು ಎಣ್ಣೆ ಡಬ್ಬಿ ಮಾತ್ರ. ಎಣ್ಣೆ ಹಾಕುವುದಕ್ಕೆ ಅವನೇ ಬೇಕೆಂದೇನಿಲ್ಲ ಎನ್ನುವುದು ಮೇಡಂಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು. ಅವನು ನೆಪ ಹೇಳಲಿಲ್ಲ. ಫೋನು ಕೈಕೊಟ್ಟಿತು ಎಂದಷ್ಟೇ ಹೇಳಿದ.

ಮೇಡಂ ಸ್ವಲ್ಪ ಯೋಚಿಸಿ, "ನಾಳೆ ಸಂಜೆ ಸಂಘದವರ ಮೀಟಿಂಗ್ ಇದೆ. ಅಷ್ಟರೊಳಗೆ ಫೋನ್ ಸರಿ ಮಾಡಿಸಿ. ನಾಳೆ ಅದೇ ಕಟ್ಟಡದ ಗುಂಡಿಗೆ ಇಳಿದು ಕೆಲಸ ಮಾಡ್ತಿರಿ, ಯಾವಾಗಾದ್ರೂ ನಾನು ಒಂದ್ಸಲ ಕರೆ ಮಾಡ್ತೀನಿ. ರಿಂಗ್ ಆಗಿ ನೀವು ಎತ್ತಿದ್ರೆ ನಂಬರ್ ನಿಮ್ದು. ವ್ಯಾಪ್ತಿ ಪ್ರದೇಶದ ಆ ಹೆಂಗಸು ಮತ್ತೆ ಮಾತಾಡಿದ್ರೆ ಹೊರಗಿದ್ದಾರೆ ಅಂತಲೇ ಬರ್ಕೋತೀನಿ" ಎಂದರು.

ಮೂಲೆಯ ರಿಪೇರಿ ಅಂಗಡಿಯವನು ಒಡೆದ ಪರದೆಗಳ ನಡುವೆ ಕೂತು ಇನ್ನೊಂದು ಪರದೆ ಒಡೆಯುತ್ತಿದ್ದ. ಲಿಫ್ಟಣ್ಣ ಮೊದಲೇ ಹೇಳಿದ: ಮೊನ್ನೆ ರಾತ್ರಿ ಅಪ್‌ಡೇಟ್ ಆಗಿದೆ, ಅದಕ್ಕೆ ಮುಂಚೆ ಸರಿಯಿತ್ತು. ಯಂತ್ರ ಕೆಟ್ಟರೆ ಕೊನೆಗೆ ಕೈಹಾಕಿದ ಜಾಗವನ್ನೇ ಮೊದಲು ನೋಡಬೇಕು ಎನ್ನುವುದು ಅವನ ಕಸುಬಿನ ಪಾಠ. ಅಂಗಡಿಯವನು ತಲೆಯಾಡಿಸುತ್ತ ಏರೋಪ್ಲೇನ್ ಮೋಡ್ ಹಾಕಿದ, ತೆಗೆದ. ಸಿಮ್ ಹೊರಗೆಳೆದು ಅಂಗಿಗೆ ಒರೆಸಿ ಮತ್ತೆ ಹಾಕಿದ. ಆಫ್ ಮಾಡಿ ಆನ್ ಮಾಡಿದ. ಇವೆಲ್ಲ ಸರಿಯಾದ ಕೆಲಸಗಳೇ, ಫಲ ಮಾತ್ರ ಕೊಡಲಿಲ್ಲ. ಫೋನು ಆನ್ ಆಗುತ್ತಲೇ ಮತ್ತೆ ಆ ಚೌಕ ಮೂಡಿತು. ಅಂಗಡಿಯವನು ನೋಡುವ ಮೊದಲೇ ಲಿಫ್ಟಣ್ಣ ಕೈಚಾಚಿ ಅದನ್ನು ತಳ್ಳಿದ, ಅಡ್ಡ ಬರುವ ನೊಣ ಓಡಿಸಿ ಉಪಕಾರ ಮಾಡಿದ ಹಾಗೆ.

ಆಗ ಅಂಗಡಿಯವನು ಪಾಸ್‌ಕೋಡ್ ಕೇಳಿ 'ರೀಸೆಟ್ ನೆಟ್‌ವರ್ಕ್ ಸೆಟ್ಟಿಂಗ್ಸ್' ಒತ್ತಿದ. ಫೋಟೋ ಗೀಟೋ ಏನೂ ಹೋಗಲ್ಲ ಎಂದು ಧೈರ್ಯ ಹೇಳಿದ. ಅದು ನಿಜವೇ. ಫೋಟೋ ಹೋಗಲಿಲ್ಲ. ಹೋದದ್ದು ವೈಫೈಗಳು. ಟೀಚರಮ್ಮನ ಕಟ್ಟಡದ್ದು, ಬ್ಯಾಂಕಿನ ಮೇಲಿನ ಮನೆಗಳದ್ದು, ಹಲ್ಲು ಡಾಕ್ಟರ ಕ್ಲಿನಿಕ್ಕಿನದು, ಅಷ್ಟು ವರ್ಷ ಕೂಡಿಹಾಕಿದ ಒಂದೊಂದು ಪಾಸ್‌ವರ್ಡೂ ಒರೆಸಿಹೋಯಿತು. ವೈಫೈ ಮೂಲಕ ಕರೆ ಬರುವ ಸ್ವಿಚ್ಚೂ ಆಫ್ ಆಗಿ ಕೂತಿತು. ಇಷ್ಟಾದ ಮೇಲೂ ಕರೆ ಹೋಗಲಿಲ್ಲ, ಬರಲಿಲ್ಲ. ನೆಗಡಿ ಬಂತು ಅಂತ ಮೂಗು ಕೊಯ್ದರಂತೆ, ಇಲ್ಲಿ ಮೂಗೂ ಹೋಯಿತು, ನೆಗಡಿ ಹಾಗೇ ಉಳಿಯಿತು. "ಇನ್ನು ಬೋರ್ಡೇ ಬದಲಾಯಿಸ್ಬೇಕು" ಎಂದು ಅಂಗಡಿಯವನು ಗಂಭೀರವಾಗಿ ಹೇಳಿದ. ಲಿಫ್ಟಣ್ಣ ಫೋನನ್ನು ಅವನ ಕೈಯಿಂದ ಮಗುವನ್ನು ಎತ್ತಿಕೊಳ್ಳುವಂತೆ ಎತ್ತಿಕೊಂಡು ಹೊರಟ.

ಮಧ್ಯಾಹ್ನ ಹೆಂಡತಿಗೆ ಎಲ್ಲ ಹೇಳಿದ. ಚಾರ್ಜಿಗೆ ಹಾಕಿದ ಸುದ್ದಿ ಹೊರಬಿದ್ದದ್ದೂ ಆಗಲೇ. ಅವನು ಏನೋ ಹೇಳಲು ಬಾಯಿ ತೆರೆದ. ಅವಳು ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು ತಲೆಯೆತ್ತಿದಳು. ಅವನು ಬಾಯಿ ಮುಚ್ಚಿದ. ಮೂವತ್ತು ವರ್ಷದ ಸಂಸಾರದಲ್ಲಿ ಕಲಿತದ್ದು ಇಂಥ ಹೊತ್ತಿಗೇ ಉಪಯೋಗಕ್ಕೆ ಬರುತ್ತದೆ. ರಿಪೇರಿ ಅಂಗಡಿಗೆ ಯಾಕೆ ಹೋದಿರಿ, ಸಿಮ್ ಕೊಟ್ಟವರ ಹತ್ತಿರ ಹೋಗಬೇಕಿತ್ತು ಎಂದು ಅವಳು ಹೇಳಿದಳು. ಹೊಲಿಗೆ ಮಷೀನಿನ ದಾರ ಕಡಿದರೆ ದಾರ ಮಾರಿದವನನ್ನೂ ಒಂದು ಮಾತು ಕೇಳಬೇಕು ಎನ್ನುವುದು ಅವಳ ಸಿದ್ಧಾಂತ.

ನೆಟ್‌ವರ್ಕ್ ಕಂಪನಿಯ ಆಫೀಸಿನಲ್ಲಿ ಟೋಕನ್ ತೆಗೆದುಕೊಂಡು ಕೂತ. ಅದೇ ದೂರಿನವರು ಅಲ್ಲಿ ಇನ್ನೂ ಕೆಲವರಿದ್ದರು. ಎಲ್ಲರ ಫೋನಿನಲ್ಲೂ ಕಡ್ಡಿಗಳು ತುಂಬಿದ್ದವು, ಎಲ್ಲರ ಮುಖವೂ ಖಾಲಿಯಾಗಿತ್ತು. ಅವನ ಸರದಿ ಬಂದಾಗ ಕೌಂಟರಿನ ಹುಡುಗಿ ಬೇರೇನೂ ಕೇಳದೆ ಒಂದೇ ಪ್ರಶ್ನೆ ಕೇಳಿದಳು.

"ಅಪ್‌ಡೇಟ್ ಆದ್ಮೇಲೆ ಪರದೆ ಮೇಲೆ ಒಂದು ಚೌಕ ಬಂದು ಏನಾದ್ರೂ ಕೇಳ್ತಾ, ಅಂಕಲ್?"

"ಕೇಳ್ತಾನೇ ಇತ್ತಮ್ಮ."

"ನೀವೇನು ಒತ್ತಿದ್ರಿ?"

ಲಿಫ್ಟಣ್ಣ ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿಕೊಂಡ. ಮಾಡಿದ್ದುಣ್ಣೋ ಮಹಾರಾಯ ಎನ್ನುವ ಗಾದೆಯನ್ನು ಅವನು ಇದುವರೆಗೆ ಬೇರೆಯವರಿಗೇ ಹೇಳಿದ್ದ.

ಹುಡುಗಿ ಫೋನನ್ನು ಆಫೀಸಿನ ವೈಫೈಗೆ ಸೇರಿಸಿದಳು. ಸೆಟ್ಟಿಂಗ್ಸ್ ತೆರೆದಳು, ಅಲ್ಲಿಂದ ಜನರಲ್, ಅಲ್ಲಿಂದ ಅಬೌಟ್. ಆಮೇಲೆ ಏನೂ ಮಾಡದೆ ಸುಮ್ಮನೆ ಹಿಡಿದುಕೊಂಡು ಕೂತಳು. ಅವನಿಗೆ ಸಂಶಯ ಬರುವಷ್ಟರಲ್ಲಿ ಅದೇ ಚೌಕ ಮೂಡಿತು. ಅವಳು ಅದನ್ನು ಓದಿ ಹೇಳಿದಳು: ಕ್ಯಾರಿಯರ್ ಸೆಟ್ಟಿಂಗ್ಸ್ ಅಪ್‌ಡೇಟ್, ಹೊಸ ಸೆಟ್ಟಿಂಗ್ಸ್ ಬಂದಿವೆ, ಈಗ ಹಾಕಿಕೊಳ್ಳಲೇ? ಅವಳು ಹೇಳಿದ ಪ್ರಕಾರ ಫೋನಿನ ಸಾಫ್ಟ್‌ವೇರ್ ಬೇರೆ, ಈ ಕ್ಯಾರಿಯರ್ ಸೆಟ್ಟಿಂಗ್ಸ್ ಬೇರೆ. ನಮ್ಮ ನೆಟ್‌ವರ್ಕಿನ ಜೊತೆ ಹೇಗೆ ಮಾತಾಡಬೇಕು, ಕರೆಯನ್ನು ಯಾವ ದಾರಿಯಲ್ಲಿ ಕಳಿಸಬೇಕು ಎನ್ನುವುದೆಲ್ಲ ಈ ಪುಟ್ಟ ಕಡತದಲ್ಲಿರುತ್ತದೆ. ಈಗ ಹಳೆಯ ನೆಟ್‌ವರ್ಕುಗಳು ಮುಚ್ಚಿಹೋಗಿವೆ, ಮಾತು ಕೂಡ ಇಂಟರ್ನೆಟ್ ಹೋಗುವ ದಾರಿಯಲ್ಲೇ ಹೋಗಬೇಕು. ಫೋನು ಹೊಸದಾಯಿತು, ಈ ಕಡತ ಹಳೆಯದೇ ಉಳಿಯಿತು. ಅದಕ್ಕೆ ವಿಡಿಯೋ ಓಡುತ್ತದೆ, ಕರೆ ಮಾತ್ರ ಸೇರುವುದಿಲ್ಲ.

ಲಿಫ್ಟಣ್ಣನಿಗೆ ಅರ್ಥವಾಗದೇ ಇರಲು ಕಾರಣವೇ ಇರಲಿಲ್ಲ. ಲಿಫ್ಟಿಗೆ ಹೊಸ ಬಾಗಿಲ ಮೋಟರು ಹಾಕಿದವರು ಪ್ಯಾನೆಲ್ಲಿನಲ್ಲಿ ಅದರ ಸೆಟ್ಟಿಂಗು ಬದಲಿಸದಿದ್ದರೆ ಲಿಫ್ಟು ಬಾಗಿಲು ತೆರೆದುಕೊಂಡು ನಿಂತೇ ಇರುತ್ತದೆ. ಅಂಥ ತಪ್ಪು ಮಾಡಿದವರನ್ನು ಅವನು ವರ್ಷಗಟ್ಟಲೆ ಬೈದಿದ್ದ. ಈಗ ಬೈಯಲು ಹತ್ತಿರದಲ್ಲಿ ಬೇರೆ ಯಾರೂ ಇರಲಿಲ್ಲ.

ಅವಳು 'ಅಪ್‌ಡೇಟ್' ಒತ್ತಿದಳು. ಒಂದು ಆಕಳಿಕೆ ಮುಗಿಯುವ ಹೊತ್ತು ಹಿಡಿಯಿತು, ಅಷ್ಟೇ. ಅಲ್ಲಿಗೆ ಮುಗಿಯಲಿಲ್ಲ. ಮೊನ್ನೆಯ ದೊಡ್ಡ ಅಪ್‌ಡೇಟಿನ ತಪ್ಪುಗಳನ್ನು ತಿದ್ದಿ ಚಿಕ್ಕದೊಂದು ಬಂದಿದೆ, ಅದನ್ನೂ ಹಾಕಿಬಿಡೋಣ ಎಂದಳು. ಲಿಫ್ಟಣ್ಣ ಫೋನು ಕಿತ್ತುಕೊಳ್ಳಲು ಕೈಚಾಚಿದ. ಕೆಡಿಸಿದ್ದೇ ಅಪ್‌ಡೇಟು, ಮದ್ದೂ ಅಪ್‌ಡೇಟೇ? ಆದರೆ ಬೇಡ ಎನ್ನುವ ಬಾಯಿ ಅವನಿಗೆ ಉಳಿದಿರಲಿಲ್ಲ. ಫೋನನ್ನು ಚಾರ್ಜಿಗೆ ಚುಚ್ಚಿ ಮೂಲೆಯ ಕುರ್ಚಿಯಲ್ಲಿ ಕೂರಿಸಿದರು. ಪರದೆಯ ಮೇಲೆ ಒಂದು ಗೆರೆ ಇರುವೆಯ ಹಾಗೆ ಹರಿಯಿತು. ಆಪರೇಷನ್ ಕೊಠಡಿಯ ಹೊರಗೆ ಕೂತವರನ್ನು ನೋಡಿದ್ದರೆ ಅವನ ಆಗಿನ ಮುಖವನ್ನು ನಾನು ವರ್ಣಿಸಬೇಕಾಗಿಲ್ಲ.

ಫೋನು ಆಫ್ ಆಗಿ ಆನ್ ಆಯಿತು. ಹುಡುಗಿ ವೈಫೈ ಕರೆಯ ಸ್ವಿಚ್ಚನ್ನು ಮತ್ತೆ ಆನ್ ಮಾಡಿಕೊಟ್ಟಳು, ತನ್ನ ಟೇಬಲ್ಲಿನ ಫೋನಿನಿಂದ ಅವನ ನಂಬರು ಒತ್ತಿದಳು. ರಿಂಗಾಯಿತು. ಅದರ ಬೆನ್ನಿಗೇ ನಿಂತುಹೋಗಿದ್ದ ಸಂದೇಶಗಳು ಒಂದರ ಮೇಲೊಂದು ಬಿದ್ದವು. ನಿನ್ನೆ ತಪ್ಪಿದ ಕರೆಗಳ ಸುದ್ದಿ ಅದು. ಕಂಟ್ರೋಲ್ ರೂಮಿನದು ಸ್ವಲ್ಪ, ವಾಚ್‌ಮನ್‌ದು ಸ್ವಲ್ಪ. ಉಳಿದ ರಾಶಿಯೆಲ್ಲ ಟೀಚರಮ್ಮನದು. ಅವನು ಅದನ್ನು ಓದುತ್ತ ಓದುತ್ತ ಕೆಳಗಿಳಿದು ಒಂದು ಕಡೆ ಬೆರಳು ನಿಲ್ಲಿಸಿದ. ಲಿಫ್ಟಿನ ಬಾಗಿಲು ತೆರೆದು ಅವರನ್ನು ಹೊರಗೆ ತಂದದ್ದು ಊಟದ ಹೊತ್ತಿಗೆ ಮುಂಚೆ. ಕರೆಗಳು ಸಂಜೆಯವರೆಗೂ ಬಂದಿದ್ದವು.

ಬೈಯುವುದಕ್ಕೇ ಮಾಡಿದ್ದಾರೆ ಎಂದುಕೊಂಡ. ಬೈಗುಳಕ್ಕೆ ಅವನು ಅರ್ಹನೇ. ಆದರೂ ವಾಪಸ್ ಕರೆ ಮಾಡಲು ಧೈರ್ಯ ಬರಲಿಲ್ಲ.

ಮರುದಿನ ಬೆಳಗ್ಗೆ ಕಟ್ಟಡಕ್ಕೆ ಹೋದರೆ ಮೊದಲ ಸಂಕಟವೇ ಪಾಸ್‌ವರ್ಡು. ಗುಂಡಿಗೆ ತಲುಪುವುದು ಕೆಳಗಿನ ಹಜಾರದ ವೈಫೈ ಒಂದೇ. ಅದರ ಪಾಸ್‌ವರ್ಡ್ ವಾಚ್‌ಮನ್‌ಗೆ ಗೊತ್ತಿಲ್ಲ, ಅವನ ಕ್ಯಾಮೆರಾಗಳು ಅದಕ್ಕೆ ತಾವಾಗಿಯೇ ಸೇರಿಕೊಳ್ಳುತ್ತವೆ. ಸಂಘದವರನ್ನು ಕೇಳುವ ಹಾಗಿಲ್ಲ, ಅವರು ಅವನನ್ನು ಕಳಿಸಲು ಸಂಜೆಯ ಮೀಟಿಂಗಿಗೆ ಸಿದ್ಧವಾಗುತ್ತಿದ್ದಾರೆ. ಪಾಸ್‌ವರ್ಡ್ ಇಟ್ಟವರು ಆಗ ಸಂಘದ ಕಾರ್ಯದರ್ಶಿಯಾಗಿದ್ದ ಟೀಚರಮ್ಮ. ಅಂದರೆ ಯಾರ ಮುಖ ನೋಡಲು ಹೆದರಿದ್ದನೋ ಅವರ ಬಾಗಿಲನ್ನೇ ತಟ್ಟಬೇಕು. ಲಿಫ್ಟಣ್ಣ ಆರು ಮಹಡಿ ಮೆಟ್ಟಿಲು ಹತ್ತಿದ. ಲಿಫ್ಟು ಹತ್ತಲು ಮುಖವಿರಲಿಲ್ಲ.

ಬಾಗಿಲು ತೆರೆದ ಟೀಚರಮ್ಮ ಅವನನ್ನು ಮೇಲಿಂದ ಕೆಳಗೆ ನೋಡಿದರು. ಲೆಕ್ಕ ತಪ್ಪಾದರೂ ಉತ್ತರ ಸರಿ ಬರೆದ ವಿದ್ಯಾರ್ಥಿಯನ್ನು ನೋಡುವ ನೋಟ. ಅವನು ತಪ್ಪಾಯಿತು ಎಂದ. ಫೋನು, ಚೌಕ, 'ನಾಟ್ ನೌ', ಎಲ್ಲವನ್ನೂ ಮುಚ್ಚುಮರೆಯಿಲ್ಲದೆ ಒಪ್ಪಿಸಿದ. ಕೊನೆಗೆ ಪಾಸ್‌ವರ್ಡ್ ಕೇಳಿದಾಗ, "ಹದಿನೇಳರ ಮಗ್ಗಿ, ಮೊದಲ ನಾಲ್ಕು" ಎಂದರು. ಅವನು ಬಾಗಿಲಲ್ಲೇ ನಿಂತು ಹದಿನೇಳು, ಮೂವತ್ನಾಲ್ಕು, ಐವತ್ತೊಂದು ಎಂದು ಹೇಳಿ ತಡವರಿಸಿದ. ಅವರು ಕಾದರು. ಅರವತ್ತೆಂಟು ಎಂದು ಬಂತು. ಬಾಗಿಲು ಮುಚ್ಚಿತು.

ಹಜಾರಕ್ಕೆ ಇಳಿದು ಅಂಕಿಗಳನ್ನು ಒಂದರ ಪಕ್ಕ ಒಂದು ಒತ್ತಿದ. ವೈಫೈ ಸೇರಿಕೊಂಡಿತು. ಲಿಫ್ಟನ್ನು ಮೇಲೆ ನಿಲ್ಲಿಸಿ, ಕರೆಂಟು ಕಡಿದು, ಬೀಗ ಹಾಕಿ, ಟಾರ್ಚು ಹಿಡಿದು ಗುಂಡಿಗಿಳಿದ. ಫೋನನ್ನು ಕಣ್ಣಿಗೆ ಕಾಣುವಂತೆ ಸ್ಪ್ರಿಂಗಿನ ಪಕ್ಕದ ಅಂಚಿನಲ್ಲಿಟ್ಟ. ಸಿಗ್ನಲ್ಲಿನ ಕಡ್ಡಿ ಒಂದೂ ಇಲ್ಲ, ಅದರ ಜಾಗದಲ್ಲಿ ವೈಫೈ ಕರೆಯ ಗುರುತು ಮಾತ್ರ. ಕೆಲಸ ಮಾಡುತ್ತಿದ್ದೇನೆ ಎಂದುಕೊಂಡು ಒಂದೇ ಬೋಲ್ಟನ್ನು ಒರೆಸಿದ, ಮತ್ತೆ ಒರೆಸಿದ. ಅದು ಕನ್ನಡಿಯ ಹಾಗೆ ಹೊಳೆಯತೊಡಗಿತು.

ಮಧ್ಯಾಹ್ನದ ಹೊತ್ತಿಗೆ ಫೋನು ರಿಂಗಾಯಿತು. ಎಷ್ಟನೇ ರಿಂಗಿಗೆ ಎತ್ತಿದನೆಂದು ಅವನಿಗೇ ಗೊತ್ತಾಗಲಿಲ್ಲ. "ಹೇಳಿ ಮೇಡಂ" ಎಂದ.

"ಮೇಡಂ ಅಲ್ಲಪ್ಪ. ನಾನು." ಟೀಚರಮ್ಮನ ದನಿ. ಸ್ಟಿಕ್ಕರಿನ ನಂಬರಿಗಲ್ಲ, ಅವನ ಸ್ವಂತ ನಂಬರಿಗೇ ಮಾಡಿದ್ದರು.

ಲಿಫ್ಟೇನಾದರೂ ನಿಂತಿತೇ ಎಂದು ಕೇಳಬೇಕೆಂದು ಬಾಯಿಗೆ ಬಂತು. ಲಿಫ್ಟನ್ನು ನಿಲ್ಲಿಸಿದವನು ತಾನೇ ಎಂದು ನೆನಪಾಗಿ ಸುಮ್ಮನಾದ. ಅವರು ನಿಧಾನವಾಗಿ ಮಾತಾಡಿದರು.

"ಬಾಗಿಲಲ್ಲಿ ನಿನ್ನ ನೋಡ್ತಾ ಹೇಳೋಕಾಗ್ಲಿಲ್ಲ. ಒಳಗೆ ಸಿಕ್ಕಿಹಾಕ್ಕೊಂಡಿದ್ದಕ್ಕೆ ನನಗೇನೂ ಭಯ ಆಗ್ಲಿಲ್ಲ ಕಣೋ. ನೀನು ಫೋನ್ ಎತ್ತಲಿಲ್ಲ. ನೀನು ಎತ್ತದೇ ಇದ್ದಿದ್ದನ್ನ ನಾನು ಈ ಮನೆಗೆ ಬಂದಾಗಿಂದ ನೋಡಿಲ್ಲ. ಹಾಗಾದ್ರೆ ನೀನು ಸತ್ತಿರ್ಬೇಕು ಅಂತ ತಿಳ್ಕೊಂಡೆ. ಅಲ್ಲೇ ಕೂತು ಅತ್ತೆ. ಹೊರಗೆ ಬಂದ್ಮೇಲೂ ಮಾಡ್ತಾನೇ ಇದ್ದೆ. ಹೊರಗಿದ್ದಾರೆ, ಹೊರಗಿದ್ದಾರೆ ಅಂತ ಆ ಹೆಂಗಸು ಹೇಳ್ತಾನೇ ಇದ್ಲು."

ಲಿಫ್ಟಣ್ಣ ಗುಂಡಿಯ ಗೋಡೆಗೆ ಒರಗಿದ. ಅಷ್ಟು ವರ್ಷ ಅವನು ಜನರನ್ನು ಹೊರಗೆ ತಂದಿದ್ದ. ಅವರು ಬಟ್ಟೆ ಸರಿಮಾಡಿಕೊಂಡು, ಗಡಿಯಾರ ನೋಡಿಕೊಂಡು ಹೋಗಿಬಿಡುತ್ತಿದ್ದರು. ತನಗಾಗಿ ಆ ಡಬ್ಬಿಯೊಳಗೆ ಯಾರಾದರೂ ಕೂತು ಅತ್ತಿರಬಹುದೆಂದು ಅವನಿಗೆ ಎಂದೂ ಹೊಳೆದಿರಲಿಲ್ಲ. ಅವನ ಕಣ್ಣು ತುಂಬಿತು. ಒರೆಸಿಕೊಳ್ಳಲು ಹೋಗಿ ಕೆನ್ನೆಗೆಲ್ಲ ಗ್ರೀಸು ಬಳಿದುಕೊಂಡ.

ಆಗಲೇ ಕಿವಿಯೊಳಗೆ ಬೀಪ್ ಎಂದಿತು. ಇನ್ನೊಂದು ಕರೆ. ಪರದೆಯ ಮೇಲೆ ಕಂಟ್ರೋಲ್ ರೂಮ್ ಎಂದು ಬರೆದಿತ್ತು. ಮೇಡಂ ಒಂದೇ ಸಲ ಮಾಡುತ್ತೇನೆ ಎಂದಿದ್ದರು. ಬೀಪ್ ಮತ್ತೆ ಬಂತು. ಬೆರಳು ಪರದೆಯವರೆಗೆ ಹೋಯಿತು.

"ಹೋದ್ಯೇನೋ?" ಎಂದರು ಟೀಚರಮ್ಮ. ಅವರ ದನಿ ಸಣ್ಣಗಾಗಿತ್ತು.

"ಇಲ್ಲ ಟೀಚರಮ್ಮ, ಇಲ್ಲೇ ಇದ್ದೀನಿ. ಹೇಳಿ." ಬೆರಳನ್ನು ಹಿಂದಕ್ಕೆ ತೆಗೆದುಕೊಂಡ. ಬೀಪ್ ನಿಂತಿತು.

ಹೇಳುವುದಕ್ಕೆ ಅವರ ಹತ್ತಿರ ಹೆಚ್ಚೇನೂ ಉಳಿದಿರಲಿಲ್ಲ. ಒಳಗೆ ಎಷ್ಟು ಸೆಕೆ ಇತ್ತು ಎಂದರು, ವಾಕರ್ ಮಡಚಿ ಅದರ ಮೇಲೆ ಕೂರಲು ನೋಡಿದ್ದನ್ನು ಹೇಳಿದರು, ಸ್ಟಿಕ್ಕರಿನ ಅಕ್ಷರಗಳು ಮಾಸಿವೆ ಎಂದು ದೂರಿದರು. ಆ ದೂರು ಬಂದಾಗ ಅವನಿಗೆ ಸಮಾಧಾನವಾಯಿತು. ಅವರು ತಾವಾಗಿಯೇ ಫೋನಿಟ್ಟ ಮೇಲೆ ಲಿಫ್ಟಣ್ಣ ಕಂಟ್ರೋಲ್ ರೂಮಿಗೆ ಕರೆ ಮಾಡಿದ. ಕರೆ ಹೋಯಿತು. ಅದರಿಂದ ಏನೂ ಪ್ರಯೋಜನವಿಲ್ಲ ಎಂದುಕೊಂಡೇ ಮಾಡಿದ್ದ.

"ನಾನು ಮಾಡ್ದಾಗ ರಿಂಗ್ ಆಯ್ತು, ನೀವು ಎತ್ತಲಿಲ್ಲ. ಬೇರೆ ಕರೆಯಲ್ಲಿದ್ದಾರೆ ಅಂತ ಬಂತು. ಯಾರ ಜೊತೆ ಮಾತಾಡ್ತಿದ್ರಿ?" ಎಂದರು ಮೇಡಂ.

"ಲಿಫ್ಟಲ್ಲಿ ಸಿಕ್ಕಿಹಾಕ್ಕೊಂಡವ್ರ ಜೊತೆ ಮೇಡಂ."

"ಇವತ್ತು ಯಾರೂ ಸಿಕ್ಕಿಹಾಕ್ಕೊಂಡಿಲ್ಲವಲ್ಲ."

"ಮೊನ್ನೆಯವ್ರು ಮೇಡಂ. ಬಾಗಿಲು ತೆಗೆದಿದ್ರು ಅಷ್ಟೇ. ಅವರಿನ್ನೂ ಹೊರಗೆ ಬಂದಿರ್ಲಿಲ್ಲ."

ಆ ಕಡೆ ಕೀಲಿಮಣೆಯ ಸದ್ದು ನಿಂತಿತು. ಲಿಫ್ಟಣ್ಣ ಪರದೆ ನೋಡಿ ಕರೆ ಕಡಿದಿಲ್ಲವೆಂದು ಖಾತ್ರಿ ಮಾಡಿಕೊಂಡ.

"ಈಗ ಬಂದ್ರಾ?" ಎಂದು ಮೇಡಂ ಕೇಳಿದರು.

"ಬಂದ್ರು."

"ಸರಿ. ಹಾಗಾದ್ರೆ ನಂಬರ್ ನಿಮಗೆ ವಾಪಸ್ ತಿರುಗಿಸ್ತಿದ್ದೀನಿ" ಎಂದು ಹೇಳಿ ಮೇಡಂ ಫೋನಿಟ್ಟರು.